ಎಂಒಯು ಕರಡಿನಲ್ಲಿ ಬದ್ಧ ಯಾವುದು, ಬರೀ ಉದ್ದೇಶ ಯಾವುದು: ಪ್ರೂಫ್ ನೋಡುವವರು ಏನು ಮಾಡಬೇಕು?

ಪ್ರಶ್ನೆ: ನಾನು ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ಸಿರಿಧಾನ್ಯ ಕೊಳ್ಳೋರ ಜೊತೆ ಎಂಒಯು ಆಗ್ತಾ ಇದೆ, ಕರಡು ಕನ್ನಡದಲ್ಲಿದೆ. ಪ್ರೂಫ್ ನೋಡಿ ಕೊಡು ಅಂದಿದ್ದಾರೆ. ಯಾವ ಕಲಂಗೆ ನಾವು ಬದ್ಧರು, ಯಾವುದಕ್ಕೆ ಅಲ್ಲ ಅಂತ ಎಷ್ಟು ಓದಿದ್ರೂ ಗೊತ್ತಾಗ್ತಿಲ್ಲ. ಹೇಗೆ ನೋಡಬೇಕು? ಎಷ್ಟರ ಮಟ್ಟಿಗೆ ತಿದ್ದಬಹುದು?

ಉತ್ತರ:

ನಾನು ವಕೀಲನಲ್ಲ. ವಕೀಲರ ಕಚೇರಿಗಳಿಗೆ ಕರಡು ತಿದ್ದಿಕೊಡುವುದು ನನ್ನ ಕೆಲಸ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಗುಣಿತ, ಚಿಹ್ನೆ, ಬಿಟ್ಟುಹೋದ ಅಕ್ಷರ ಇವನ್ನು ನೀವೇ ತಿದ್ದಿ. ಯಾರು ಯಾವುದಕ್ಕೆ ಬದ್ಧರು ಅನ್ನುವುದು ಬದಲಾಗುವ ಕಡೆ ಮಾತ್ರ ಪೆನ್ನು ಇಡಬೇಡಿ. ಅಲ್ಲಿ ಅಂಚಿನಲ್ಲಿ ಪ್ರಶ್ನೆ ಬರೆಯಿರಿ. ‘ಖರೀದಿಸಬಹುದು’ ಎಂಬುದನ್ನು ‘ಖರೀದಿಸತಕ್ಕದ್ದು’ ಮಾಡಿದರೆ ಅದು ಪ್ರೂಫ್ ಅಲ್ಲ, ಹೊಸ ಷರತ್ತು. ಅದನ್ನು ಎರಡೂ ಕಡೆಯವರು ಮಾತಾಡಿ ಒಪ್ಪಬೇಕು.

ಇನ್ನು ನೋಡುವ ಬಗೆ. ಕನ್ನಡದ ಕರಡಿನಲ್ಲಿ ಒಂದು ಅನುಕೂಲ ಇದೆ. ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಇಡೀ ಕರಡು ಓದಬೇಕಿಲ್ಲ. ಪ್ರಿಂಟ್ ತೆಗೆದು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಗೆರೆ ಹಾಕುತ್ತಾ ಹೋಗಿ. ನಿಮ್ಮಂಥದ್ದೇ ಒಂದು ಕರಡು, ರೈತ ಕಂಪನಿ ಮತ್ತು ಸಿರಿಧಾನ್ಯ ಖರೀದಿದಾರರ ನಡುವಿನದು, ನನ್ನ ಕೈಗೆ ಬಂದಿತ್ತು. ಹೆಸರು ಬೇಡ. ಅದರಲ್ಲಿ ಸಾಲಾಗಿ ಹೀಗಿತ್ತು:

“4. ಕಂಪನಿಯು ಪ್ರತಿ ಹಂಗಾಮಿನಲ್ಲಿ 200 ಕ್ವಿಂಟಲ್ ಸಿರಿಧಾನ್ಯ ಪೂರೈಸಲು ಪ್ರಯತ್ನಿಸತಕ್ಕದ್ದು.
5. ಖರೀದಿದಾರರು ಸದರಿ ಧಾನ್ಯವನ್ನು ಮಾರುಕಟ್ಟೆ ದರದಲ್ಲಿ ಖರೀದಿಸುವುದು.
6. ಸದರಿ ಅವಧಿಯಲ್ಲಿ ಕಂಪನಿಯು ಬೇರೆಯವರಿಗೆ ಮಾರಾಟ ಮಾಡುವುದಿಲ್ಲ.”

ಓದುವಾಗ ಮೂರೂ ಸರಾಗವಾಗಿಯೇ ಹೋಗುತ್ತವೆ ಅಲ್ವಾ? ಈಗ ಕೊನೆಯ ಪದಗಳನ್ನು ನೋಡಿ.

‘ತಕ್ಕದ್ದು’ ಅಂದರೆ ಮಾಡಲೇಬೇಕು. ಆದರೆ ನಾಲ್ಕನೇ ಕಲಂನಲ್ಲಿ ಅದು ‘ಪ್ರಯತ್ನಿಸು’ ಎಂಬುದಕ್ಕೆ ಅಂಟಿಕೊಂಡಿದೆ. ಹಾಗಾದರೆ 200 ಕ್ವಿಂಟಲ್ ಕೊಡಲೇಬೇಕೋ, ಪ್ರಯತ್ನ ಪಟ್ಟರೆ ಸಾಕೋ? ಮಳೆ ಕೈಕೊಟ್ಟು 120 ಕ್ವಿಂಟಲ್ ಮಾತ್ರ ಬಂತು ಅನ್ನಿ. ನಿಮ್ಮವರು ‘ಪ್ರಯತ್ನ ಪಟ್ಟೆವು’ ಅನ್ನುತ್ತಾರೆ. ಅವರು ‘ತಕ್ಕದ್ದು ಅಂತ ಇದೆಯಲ್ಲ’ ಅನ್ನುತ್ತಾರೆ.

ಐದನೆಯದು ಇನ್ನೂ ಜಾರುವ ಜಾಗ. ‘ಖರೀದಿಸುವುದು’ ಎಂಬ ರೂಪ ಸರ್ಕಾರಿ ಸುತ್ತೋಲೆಯಲ್ಲಿ ಬಂದರೆ ಆಜ್ಞೆ. ಯೋಜನೆಯ ವಿವರಣೆಯಲ್ಲಿ ಬಂದರೆ ಬರೀ ಮುಂದೆ ಆಗಲಿರುವ ಕೆಲಸ. ಎಂಒಯು ಇವೆರಡರ ನಡುವಿನ ಕಾಗದ, ಹಾಗಾಗಿ ಯಾವ ಅರ್ಥ ಅಂತ ಈ ಪದವೊಂದೇ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಕನ್ನಡ ಎಂಒಯುಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಈ ‘-ವುದು’.

ಆರನೆಯದು ಮೂರರಲ್ಲಿ ಗಟ್ಟಿಯಾದದ್ದು. ಬೇರೆಯವರಿಗೆ ಮಾರುವಂತಿಲ್ಲ ಅಂತ ನೇರವಾಗಿಯೇ ಇದೆ. ಆದರೆ ‘ಸದರಿ ಅವಧಿ’ ಯಾವುದು ಅಂತ ಹಿಂದೆ ಎಲ್ಲೂ ಹೇಳಿಲ್ಲ. ಕೊಳ್ಳುವವರ ಕಡೆ ಮಾತು ಸಡಿಲ, ರೈತರ ಕಡೆ ಬಿಗಿ. ಬೇಕಂತಲೇ ಮಾಡಿದ್ದೋ, ಬರೆದವರ ಗಮನಕ್ಕೆ ಬರಲಿಲ್ಲವೋ ಅನ್ನುವುದು ಪ್ರೂಫ್ ನೋಡುವವರಿಗೆ ಬೇಡ. ಎತ್ತಿ ತೋರಿಸಿದರೆ ಸಾಕು.

ಇನ್ನೊಂದು ಮಾತು. ಕ್ರಿಯಾಪದ ಗಟ್ಟಿಯಾಗಿದ್ದ ಮಾತ್ರಕ್ಕೆ ಆ ಕಲಂ ನಿಲ್ಲುತ್ತದೆ ಅಂತಲೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅರ್ಥ ಖಚಿತವಿಲ್ಲದ, ಖಚಿತಪಡಿಸಲೂ ಆಗದ ಒಪ್ಪಂದ ಶೂನ್ಯ. ಕಾಯ್ದೆಯೇ ಕೊಡುವ ಉದಾಹರಣೆ ನೋಡಿ: ಒಬ್ಬ ಇನ್ನೊಬ್ಬನಿಗೆ ‘ನೂರು ಟನ್ ಎಣ್ಣೆ’ ಮಾರಲು ಒಪ್ಪುತ್ತಾನೆ. ಯಾವ ಎಣ್ಣೆ ಅಂತ ಗೊತ್ತಾಗುವ ದಾರಿಯೇ ಇಲ್ಲದಿದ್ದರೆ ಆ ಒಪ್ಪಂದ ನಿಲ್ಲುವುದಿಲ್ಲ. ಮಾರುವವನು ಕೊಬ್ಬರಿ ಎಣ್ಣೆ ವ್ಯಾಪಾರ ಮಾತ್ರ ಮಾಡುವವನಾದರೆ ಅದೇ ಮಾತು ನಿಲ್ಲುತ್ತದೆ, ಏಕೆಂದರೆ ಆಗ ಯಾವ ಎಣ್ಣೆ ಅಂತ ಗೊತ್ತು. ಈಗ ನಾಲ್ಕನೇ ಕಲಂಗೆ ವಾಪಸ್ ಹೋಗಿ. 200 ಕ್ವಿಂಟಲ್ ‘ಸಿರಿಧಾನ್ಯ’. ನವಣೆಯೋ, ಸಾಮೆಯೋ, ಊದಲೋ? ನಿಮ್ಮ ಸದಸ್ಯರು ನವಣೆ ಮಾತ್ರ ಬೆಳೆಯುವವರಾದರೆ ಒಂದು ಮಾತು, ಎಲ್ಲ ಬೆಳೆಯುವವರಾದರೆ ಇನ್ನೊಂದು. ಐದರಲ್ಲಿನ ‘ಮಾರುಕಟ್ಟೆ ದರ’ವೂ ಹಾಗೇ. ಯಾವ ಮಾರುಕಟ್ಟೆ, ಯಾವ ದಿನದ ದರ? ಅಂಚಿನಲ್ಲಿ ಬರೆಯಲೇಬೇಕಾದ ಪ್ರಶ್ನೆಗಳು ಇವು.

ಎರಡನೇ ಸುತ್ತು ಕಲಂ ಸಂಖ್ಯೆಗಳದ್ದು. ನಿಜವಾದ ಅಪಾಯ ಇಲ್ಲೇ ಇರುವುದು. ಬಹಳಷ್ಟು ಎಂಒಯುಗಳಲ್ಲಿ ಕೊನೆಯ ಹತ್ತಿರ ಒಂದು ಕಲಂ ಇರುತ್ತದೆ. ಅದು ಇಡೀ ಕಾಗದವನ್ನು ಎರಡಾಗಿ ಒಡೆಯುತ್ತದೆ. ನಾನು ಹೇಳಿದ ಕರಡಿನಲ್ಲಿ ಅದು ಹೀಗಿತ್ತು:

“13. 8 ಮತ್ತು 10ನೇ ಕಲಂಗಳು ಇತ್ಯಾದಿಗಳನ್ನು ಹೊರತುಪಡಿಸಿ ಈ ಒಡಂಬಡಿಕೆಯು ಸಾಮಾನ್ಯವಾಗಿ ಉಭಯ ಪಕ್ಷಗಳ ಮೇಲೆ ಬದ್ಧವಾಗಿರುವುದಿಲ್ಲ.”

8ನೇ ಕಲಂ ತೆರೆದರೆ ಪೊಟ್ಟಣದ ಮೇಲೆ ಕಂಪನಿಯ ಲೋಗೊ ಬಳಸುವ ವಿಷಯ. 10ನೆಯದು ಸಾಗಣೆ ಖರ್ಚು ಯಾರದು ಅಂತ. ಲೋಗೊಗೆ ಬದ್ಧ, ಗೋಪ್ಯತೆಗೆ ಬದ್ಧವಲ್ಲ ಅಂತ ಯಾರೂ ಬರೆಸುವುದಿಲ್ಲ. ಹಳೆಯ ಕರಡು ಕೇಳಿ ತರಿಸಿಕೊಂಡೆ. ಅದರಲ್ಲಿ 8 ಗೋಪ್ಯತೆ, 10 ವಿವಾದ ಪರಿಹಾರ. ಆಮೇಲೆ ಯಾರೋ ನಡುವೆ ಲೋಗೊ ಕಲಂ ಸೇರಿಸಿದ್ದಾರೆ. ಕೆಳಗಿನವೆಲ್ಲ ಒಂದೊಂದು ಮುಂದೆ ಹೋಗಿವೆ. 13ರೊಳಗಿನ ಸಂಖ್ಯೆಗಳು ಮಾತ್ರ ಕೈಯಲ್ಲಿ ಟೈಪ್ ಮಾಡಿದವು, ಇದ್ದಲ್ಲೇ ಉಳಿದಿವೆ. ಗೋಪ್ಯತೆ 9ಕ್ಕೆ, ವಿವಾದ ಪರಿಹಾರ 11ಕ್ಕೆ ಹೋಗಿ, ಎರಡೂ ‘ಬದ್ಧವಲ್ಲ’ದ ಗುಂಪಿಗೆ ಬಿದ್ದಿವೆ. ಕಾಗುಣಿತ ಒಂದೂ ತಪ್ಪಿಲ್ಲ. ಬರೀ ಕಾಗುಣಿತ ನೋಡುವವರಿಗೆ ಇದು ಸಿಗುವುದೇ ಇಲ್ಲ.

ಹಾಗಾಗಿ ‘ಕಲಂ’, ‘ಷರತ್ತು’, ‘ಮೇಲ್ಕಂಡ’, ‘ಸದರಿ’ ಈ ಪದಗಳನ್ನು ಒಂದೊಂದಾಗಿ ಹುಡುಕಿ. ಅದು ಯಾವುದನ್ನು ತೋರಿಸುತ್ತಿದೆಯೋ ಅಲ್ಲಿಗೇ ಹೋಗಿ ನೋಡಿ ಬನ್ನಿ. ಒಂದು ಎಚ್ಚರಿಕೆ: ಕಡತವನ್ನು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ನೀವು ಯೂನಿಕೋಡ್‌ನಲ್ಲಿ ಹುಡುಕಿದ್ದು ಸಿಗುವುದಿಲ್ಲ. ‘ಏನೂ ಇಲ್ಲ’ ಅಂತ ತೋರಿಸುತ್ತದೆ, ನೀವು ನಂಬಿಬಿಡುತ್ತೀರಿ. ಮೊದಲು ಪರಿವರ್ತಿಸಿಕೊಳ್ಳಿ, ಇಲ್ಲವೇ ಪ್ರಿಂಟ್ ಮೇಲೆ ಕೈಯಲ್ಲೇ ಹುಡುಕಿ. ಸಂಖ್ಯೆಯ ಜೊತೆ ವಿಷಯವನ್ನೂ ಬರೆಯುವಂತೆ ಸಲಹೆ ಕೊಡಿ: ‘9ನೇ ಕಲಂ (ಗೋಪ್ಯತೆ)’. ಮುಂದೆ ಸಂಖ್ಯೆ ತಪ್ಪಿದರೂ ಹೊಂದಿಕೆಯಾಗದ್ದು ಕಣ್ಣಿಗೆ ಬೀಳುತ್ತದೆ.

ಅದೇ ವಾಕ್ಯದಲ್ಲಿ ‘ಇತ್ಯಾದಿ’, ‘ಸಾಮಾನ್ಯವಾಗಿ’ ಅಂತ ಎರಡು ಪದ ಇವೆ, ಗಮನಿಸಿದಿರಾ? ಬೇರೆ ಬರಹದಲ್ಲಿ ಇದ್ದರೆ ಪರವಾಗಿಲ್ಲ. ಇಲ್ಲಿ ‘ಇತ್ಯಾದಿ’ ಇದ್ದರೆ ಯಾವ ಕಲಂ ಬೇಕಾದರೂ ಬದ್ಧ ಅಂತ ವಾದಿಸಬಹುದು. ‘ಸಾಮಾನ್ಯವಾಗಿ’ ಇದ್ದರೆ ಅಸಾಮಾನ್ಯ ಸಂದರ್ಭ ಯಾವುದು ಅಂತ ಇನ್ನೊಂದು ಜಗಳ. ಎರಡಕ್ಕೂ ಸುತ್ತು ಹಾಕಿ ‘ತೆಗೆಯಬಹುದೇ?’ ಅಂತ ಬರೆಯಿರಿ.

ವಿವಾದ ಪರಿಹಾರದ ಕಲಂ ಇದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ‘ಉಭಯ ಪಕ್ಷಗಳು ಇಚ್ಛಿಸಿದಲ್ಲಿ ಮಧ್ಯಸ್ಥಿಕೆಗೆ ಒಪ್ಪಿಸುವುದು’ ಎಂಬ ಸಾಲು ತುಂಬಾ ಕಡೆ ಕಾಣುತ್ತದೆ. ಇಂಥದ್ದೇ ಮಾತಿದ್ದ ಪಾಲುದಾರಿಕೆ ಪತ್ರವೊಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು: ಜಗದೀಶ್ ಚಂದರ್ ವಿರುದ್ಧ ರಮೇಶ್ ಚಂದರ್, 2007. ಪಕ್ಷಗಳು ಹಾಗೆ ನಿರ್ಧರಿಸಿದರೆ ಮಾತ್ರ ಮಧ್ಯಸ್ಥಿಕೆ ಅಂತ ಬರೆದಿದ್ದರೆ ಅದು ಮಧ್ಯಸ್ಥಿಕೆ ಒಪ್ಪಂದವೇ ಅಲ್ಲ ಅಂತ ಕೋರ್ಟ್ ಹೇಳಿತು. ಆಗ ಇಬ್ಬರೂ ಮತ್ತೆ ಹೊಸದಾಗಿ ಒಪ್ಪಬೇಕು. ಜಗಳ ಆದ ಮೇಲೆ ಒಪ್ಪುವವರು ಯಾರು? ಅಂದರೆ 13ನೇ ಕಲಂ ‘ಇದು ಬದ್ಧ’ ಅಂತ ಹೇಳಿದರೂ ಕಲಂನ ಒಳಗಿನ ಒಂದು ‘ಇಚ್ಛಿಸಿದಲ್ಲಿ’ ಅದನ್ನು ಬಿಚ್ಚಿಬಿಡುತ್ತದೆ.

ಮೂರನೇ ಸುತ್ತಿಗೆ ಮೊದಲ ಪುಟ ಮತ್ತು ಕೊನೆಯ ಪುಟ ಸಾಕು. ಮೊದಲ ಪುಟದಲ್ಲಿ ಕಾಗದಕ್ಕೆ ಏನು ಹೆಸರಿದೆ, ಒಳಗೆ ಏನು ಹೆಸರಿದೆ ನೋಡಿ. ಮೇಲೆ ‘ಒಡಂಬಡಿಕೆ’, ಮೂರನೇ ಪುಟದಲ್ಲಿ ‘ಈ ಕರಾರು’, ಇನ್ನೆಲ್ಲೋ ‘ಒಪ್ಪಂದ’ ಇದ್ದರೆ ಒಂದೇ ಹೆಸರಿಗೆ ತನ್ನಿ. ಹಾಗಂತ ಮೇಲೆ ಎಂಒಯು ಅಂತ ಇದೆ, ನಾವು ಬದ್ಧರಲ್ಲ ಅಂತ ನಿಮ್ಮವರು ನೆಮ್ಮದಿಯಾಗಿ ಇರುವುದು ಬೇಡ. ಕೋರ್ಟು ಹೆಸರು ನೋಡಿ ಬಿಟ್ಟುಬಿಡುವುದಿಲ್ಲ, ಒಳಗಿನ ಮಾತುಗಳಿಂದ ಇಬ್ಬರ ಉದ್ದೇಶ ಏನಿತ್ತು ಅಂತ ನೋಡುತ್ತದೆ. ‘ಮುಂದೆ ವಿವರವಾದ ಕರಾರು ಮಾಡಿಕೊಳ್ಳಲಾಗುವುದು’ ಎಂಬ ಸಾಲು ಇದ್ದ ಮಾತ್ರಕ್ಕೆ ಈಗ ಆದ ಒಪ್ಪಂದ ಬದ್ಧವಲ್ಲ ಅಂತ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಕೊಲ್ಲಿಪರ ಶ್ರೀರಾಮುಲು ಪ್ರಕರಣದಲ್ಲಿ ಹೇಳಿದೆ.

ಕೊನೆಯ ಪುಟದಲ್ಲಿ ನಮ್ಮ ಕಡೆಯ ಕರಡುಗಳ ವಿಶೇಷ ಒಂದು ಇರುತ್ತದೆ. ಸಹಿಗೆ ಮುಂಚೆ: “ಮೇಲ್ಕಂಡ ಎಲ್ಲಾ ಷರತ್ತುಗಳನ್ನು ಓದಿ, ಓದಿಸಿ ಕೇಳಿ, ಅವುಗಳಿಗೆ ಬದ್ಧರಾಗಿರುತ್ತೇವೆಂದು ಸ್ವಸಂತೋಷದಿಂದ ಒಪ್ಪಿ ಬರೆಸಿಕೊಟ್ಟ ಒಡಂಬಡಿಕೆ.” ಇದು ಕ್ರಯಪತ್ರ, ಬಾಡಿಗೆ ಕರಾರುಗಳಿಂದ ಹಾಗೇ ಎತ್ತಿ ತಂದ ಸಾಲು. ಟೈಪ್ ಮಾಡುವವರ ಕಂಪ್ಯೂಟರ್‌ನಲ್ಲಿ ಅದು ಯಾವಾಗಲೂ ತಯಾರಾಗಿಯೇ ಇರುತ್ತದೆ. ಆದರೆ 13ನೇ ಕಲಂ ‘ಬದ್ಧವಲ್ಲ’ ಅನ್ನುತ್ತಿದೆ, ಇಲ್ಲಿ ‘ಎಲ್ಲದಕ್ಕೂ ಬದ್ಧ’ ಅಂತ ಇದೆ. ಒಂದೇ ಕಾಗದದಲ್ಲಿ ಎರಡೂ ಇರುವಂತಿಲ್ಲ. ಸುಮ್ನೆ ಶಿಷ್ಟಾಚಾರದ ಸಾಲು ಅಂತ ಬಿಟ್ಟುಬಿಡಬೇಡಿ.

ಅಂಚಿನ ಪ್ರಶ್ನೆ ಬರೆಯುವಾಗ ‘ಅಸ್ಪಷ್ಟ’ ಅಂತ ಒಂದು ಪದ ಹಾಕಿದರೆ ಯಾರೂ ಉತ್ತರ ಕೊಡುವುದಿಲ್ಲ. ಎರಡು ರೂಪ ಬರೆದುಕೊಟ್ಟು ಆರಿಸಲು ಹೇಳಿ. ಐದನೇ ಕಲಂಗೆ ನಾನು ಬರೆದದ್ದು ಹೀಗೆ: “ಯಾವುದು? (ಅ) ಖರೀದಿದಾರರು ಖರೀದಿಸತಕ್ಕದ್ದು. (ಆ) ಖರೀದಿದಾರರು ಖರೀದಿಸಲು ಉದ್ದೇಶಿಸಿದ್ದಾರೆ, ಆದರೆ ಖರೀದಿಸಲೇಬೇಕೆಂಬ ಬದ್ಧತೆ ಇಲ್ಲ. (ಅ) ಆದರೆ 13ನೇ ಕಲಂನ ಪಟ್ಟಿಗೆ 5 ಸೇರಬೇಕು.” ಇಷ್ಟು ಬರೆದರೆ ಓದಿದವರಿಗೆ ತಾವು ಯಾವುದನ್ನು ಒಪ್ಪುತ್ತಿದ್ದೇವೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾನು ಹೇಳಿದ ಕರಡಿನಲ್ಲಿ ಈ ಪ್ರಶ್ನೆ ಎರಡೂ ಕಡೆಗೆ ಹೋಯಿತು. ಕೊಳ್ಳುವವರು (ಆ) ಅಂದರು. ಹಾಗಾದರೆ ಬೇರೆಯವರಿಗೆ ಮಾರಬಾರದು ಎಂಬ ಆರನೇ ಕಲಂ ನಮಗೇಕೆ ಅಂತ ರೈತರು ಕೇಳಿದರು. ಅದನ್ನು ತೆಗೆದುಹಾಕಿದರು.

ಪ್ರಶ್ನೆ ತುಂಬಾ ಆದರೆ ಕರಡನ್ನೇ ಎರಡು ಭಾಗ ಮಾಡಲು ವಕೀಲರಿಗೆ ಸೂಚಿಸಿ. ‘ಭಾಗ 1: ಉದ್ದೇಶಗಳು’, ‘ಭಾಗ 2: ಬದ್ಧ ಷರತ್ತುಗಳು’. ಮೊದಲ ಭಾಗದಲ್ಲಿ ‘ಉದ್ದೇಶಿಸಿದ್ದಾರೆ’ ಮಾತ್ರ, ಎರಡನೆಯದರಲ್ಲಿ ‘ತಕ್ಕದ್ದು’ ಮತ್ತು ‘ತಕ್ಕದ್ದಲ್ಲ’ ಮಾತ್ರ. ಓದಲು ಬೇಸರ ಬರಬಹುದು, ಬರಲಿ. ಗೋಪ್ಯತೆ ಎಂಒಯು ಮುಗಿದ ಮೇಲೆ ಎಷ್ಟು ದಿನ ಅನ್ನುವುದೂ ಎರಡನೇ ಭಾಗದಲ್ಲೇ ಇರಲಿ.

ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಬಂದು, ವಕೀಲರು ಕೊನೆಯ ಬಾರಿ ನೋಡಿದ ಮೇಲೆಯೇ ಇ-ಸ್ಟಾಂಪ್ ಕಾಗದದ ಮೇಲೆ ಪ್ರಿಂಟ್ ಕೊಡಿ. ಆಮೇಲೆ ಪೆನ್ನಿನಲ್ಲಿ ತಿದ್ದಿದರೆ ಪ್ರತಿ ತಿದ್ದುಪಡಿಯ ಪಕ್ಕ ಇಬ್ಬರೂ ಸಹಿ ಹಾಕಬೇಕಾಗುತ್ತದೆ. 13ನೇ ಕಲಂನಂಥ ಕಡೆ ಅಂಕಿ ಹೊಡೆದು ತಿದ್ದಿದ್ದು ಕಂಡರೆ, ಮೊದಲು ಏನಿತ್ತು, ಯಾವಾಗ ಬದಲಾಯಿಸಿದಿರಿ ಅಂತ ಅದೇ ಇನ್ನೊಂದು ತಕರಾರು.