ದೋಣಿ ಎಷ್ಟು ದೂರ ಪಕ್ಕಕ್ಕೆ ಸರಿಯುತ್ತದೆ?

"ನದಿಯ ಅಗಲ 120 ಮೀಟರ್. ದೋಣಿ ನೇರ ಎದುರು ದಡಕ್ಕೆ ಮುಖ ಮಾಡಿದೆ, ವೇಗ 4 ಮೀ/ಸೆ, ಹರಿವು 3 ಮೀ/ಸೆ. ಫಲಿತ ವೇಗ 5 ಬಂತು. 120 ÷ 5 = 24 ಸೆಕೆಂಡ್, ಡ್ರಿಫ್ಟ್ 72 ಮೀಟರ್. ಪುಸ್ತಕದಲ್ಲಿ 90 ಇದೆ, ಯಾಕೆ?"

ಫಲಿತ ವೇಗ ಸರಿಯಾಗಿದೆ. ತಪ್ಪಿರುವುದು ಸಮಯದಲ್ಲಿ. ಚಿತ್ರ ಬರೆದು ನೋಡಿ: ದಡಕ್ಕೆ ಲಂಬವಾಗಿ 4ರ ಬಾಣ, ಅದರ ತುದಿಯಿಂದ ಹರಿವಿನ ಕಡೆಗೆ 3ರ ಬಾಣ. ಮೊದಲ ಬಾಣದ ಬುಡದಿಂದ ಎರಡನೆಯದರ ತುದಿಗೆ ಎಳೆದ ಓರೆ ಗೆರೆಯೇ 5. ದೋಣಿ ಆ ಓರೆ ದಾರಿಯಲ್ಲೇ ಸಾಗುತ್ತದೆ, ಅಲ್ವಾ? ಆ ದಾರಿ 120 ಅಲ್ಲ; ದಡಕ್ಕೆ ಲಂಬವಾಗಿ 4 ಮೀಟರ್ ಹೋಗುವಷ್ಟರಲ್ಲಿ ಓರೆಯಾಗಿ 5 ಮೀಟರ್ ಸಾಗುತ್ತದೆ, ಹಾಗಾಗಿ 120 × 5 ÷ 4 = 150 ಮೀಟರ್. ಹಾಗಾಗಿ 150 ÷ 5 = 30 ಸೆಕೆಂಡ್. ಅಥವಾ ಸುಲಭವಾಗಿ, ಅಗಲವನ್ನು ದಾಟಿಸುವುದು 4 ಮಾತ್ರ: 120 ÷ 4 = 30. ಡ್ರಿಫ್ಟ್ 3 × 30 = 90 ಮೀಟರ್.

ಹರಿವು ಜಾಸ್ತಿಯಾದರೂ ಇಲ್ಲಿ ಸಮಯ 30 ಸೆಕೆಂಡೇ, ಡ್ರಿಫ್ಟ್ ಮಾತ್ರ ಬೆಳೆಯುತ್ತದೆ.