ಗಿರಾಕಿ ಕಂಪ್ಲೇಂಟಿಗೆ 'ಸಾರಿ' ಬಿಟ್ಟು ಏನ್ ಬರೀಬೇಕು?

ನಂದು ಹುಬ್ಬಳ್ಳ್ಯಾಗ ಸಣ್ಣ ಅಂಗಡಿ, ಗಿರಾಕಿ ವಾಟ್ಸಾಪಿನ್ಯಾಗ ಕಂಪ್ಲೇಂಟ್ ಮಾಡಿದ್ರ ಬರೇ ಸಾರಿ ಅನ್ನೋ ಬದ್ಲಿ ಏನ್ ಅನ್ನಬೇಕ್ರಿ?

ತಪ್ಪು ನಿಮ್ದ ಇದ್ರ 'ತಪ್ಪು ನಮ್ದರಿ' ಅಂತ ಸೀದಾ ಬರೀರಿ, ಏನ್ ತಪ್ಪು ಅನ್ನೋದನ್ನೂ ಹೇಳ್ರಿ. ನನಗೊಬ್ರು 20 ಕಡಕ್ ರೊಟ್ಟ್ಯಾಗ 7 ಮುರದಾವು ಅಂತ ಫೋಟೋ ಹಾಕಿದ್ರು, ನಾ ಬರದದ್ದು ಇಷ್ಟ: 'ಅಕ್ಕಾರ, ಪ್ಯಾಕಿಂಗ್ ನಾವ ಸಡ್ಲ ಮಾಡಿದ್ವಿ, ನಿಮಗ ತ್ರಾಸ ಆತು, ನಾಳೆ ಸಂಜಿ ಒಳಗ 7 ರೊಟ್ಟಿ ಮನಿಗೆ ಮುಟ್ಟಸ್ತೀನಿ, ಇದೊಂದ್ ಸಲ ಹೊಟ್ಟ್ಯಾಗ ಹಾಕ್ಕೊಳ್ರಿ.' ಈ ಕಡೀ ಮಾತು ಹಳೇ ಗಿರಾಕಿಗಷ್ಟ ನಡೀತೈತಿ, ಅದೂ ಒಮ್ಮೆ. 'ವಿಷಾದಿಸುತ್ತೇವೆ' ಅಂದ್ರ ಪೇಪರ್ ತಿದ್ದುಪಡಿ ಓದಿದಂಗ ಆಕ್ಕತಿ. 'ನಿಮಗ ಬ್ಯಾಸರ ಆಗಿದ್ರ' ಅಂತೂ ಬ್ಯಾಡ, ಆ 'ಆಗಿದ್ರ'ದಾಗ ಅನುಮಾನ ಐತಿ. ತಪ್ಪು ಯಾರ್ದಂತ ಇನ್ನೂ ಗೊತ್ತಿಲ್ಲಂದ್ರ 'ತಿಳಿಸಿದ್ದು ಚಲೋ ಆತ್ರಿ, ನೋಡಿ ಸಂಜೀಗೆ ಹೇಳ್ತೀನಿ' ಅನ್ರಿ, ಆದ್ರ ಸಂಜೀಗೆ ನೀವ ಮೊದ್ಲ ಮೆಸೇಜ್ ಹಾಕ್ಬೇಕು ಮತ್ತ.