ಬಾಡಿಗೆದಾರರಿಗೆ ಮೊದಲು, ದಲ್ಲಾಳಿಗೆ ಆಮೇಲೆ

"ಬಾಡಿಗೆಗೆ ಕೊಟ್ಟಿರುವ ಮನೆಯನ್ನು ಮಾರಬೇಕೆಂದಿದ್ದೇನೆ. ಕರಾರು ಮುಗಿಯಲು ಇನ್ನೂ ಏಳು ತಿಂಗಳಿದೆ. ಅವರಿಗೆ ಹೇಗೆ ತಿಳಿಸಲಿ? ನೋಡಲು ಬರುವವರನ್ನು ಯಾವಾಗ ಕರೆದೊಯ್ಯಲಿ?"

ದಲ್ಲಾಳಿಗೆ ಹೇಳುವ ಮೊದಲೇ ಅವರಿಗೆ ಹೇಳಿ. ತಾವಿರುವ ಮನೆಯ ಫೋಟೊವನ್ನು ಜಾಹೀರಾತಿನಲ್ಲಿ ಕಂಡವರು ಆಮೇಲೆ ಮನಸಾರೆ ಬಾಗಿಲು ತೆರೆಯುವುದಿಲ್ಲ. ಮೊದಲು ಫೋನ್ ಮಾಡಿ, ಅದೇ ದಿನ ಬರಹದಲ್ಲೂ ಕಳುಹಿಸಿ. ಅವರನ್ನು ಕಾಡುವುದು ಎರಡೇ ಪ್ರಶ್ನೆ: ಯಾವಾಗ ಖಾಲಿ ಮಾಡಬೇಕು, ಮುಂಗಡ ಹಣವನ್ನು ಯಾರು ಹಿಂತಿರುಗಿಸುತ್ತಾರೆ? ಅವಧಿ ನಿಗದಿಯಾಗಿರುವ ಕರಾರು ಮನೆ ಮಾರಿದ ಮಾತ್ರಕ್ಕೆ ಸಾಮಾನ್ಯವಾಗಿ ರದ್ದಾಗುವುದಿಲ್ಲ; ಕೊಳ್ಳುವವರು ಬಾಡಿಗೆದಾರರ ಸಮೇತವೇ ಮನೆಯನ್ನು ಪಡೆಯುತ್ತಾರೆ. ಆದರೂ ಮಾರಾಟದ ಬಗ್ಗೆ ಷರತ್ತೇನಾದರೂ ಇದೆಯೇ ಎಂದು ನಿಮ್ಮ ಕರಾರನ್ನು ಒಮ್ಮೆ ಓದಿಕೊಳ್ಳಿ. ಮುಂಗಡ ಹೊಸ ಮಾಲೀಕರಿಗೆ ವರ್ಗವಾಗುವುದಾದರೆ ಆ ಮೊತ್ತವನ್ನು ಮಾರಾಟದ ಪತ್ರದಲ್ಲಿ ನಮೂದಿಸಿ, ಅದರ ಒಂದು ಪ್ರತಿಯನ್ನು ಬಾಡಿಗೆದಾರರಿಗೂ ಕೊಡಿ.

ಭೇಟಿಯ ಹೊತ್ತನ್ನು ನೀವು ಹೇರಬೇಡಿ, ಅವರನ್ನೇ ಕೇಳಿ. ವಾರಕ್ಕೆ ಎರಡು ಹೊತ್ತು ಗೊತ್ತುಮಾಡಿಕೊಂಡು, ಬರುವವರನ್ನೆಲ್ಲ ಅದರೊಳಗೇ ಕೂಡಿಸಿ. ಕನಿಷ್ಠ 24 ಗಂಟೆ ಮುಂಚೆ ಹೀಗೆ ಸಂದೇಶ ಕಳುಹಿಸಿ: "ನಾಳೆ ಶನಿವಾರ ಸಂಜೆ 4ರಿಂದ 5ರೊಳಗೆ ಎರಡು ಕುಟುಂಬದವರು ಬರುತ್ತಾರೆ, ಜೊತೆಗೆ ನಾನಿರುತ್ತೇನೆ. ಅನಾನುಕೂಲವಿದ್ದರೆ ಇಂದು ರಾತ್ರಿಯೊಳಗೆ ತಿಳಿಸಿ." ದಲ್ಲಾಳಿಯ ಕೈಗೆ ಬೀಗದ ಕೈ ಕೊಡಲೇಬೇಡಿ. ಫೋಟೊ ತೆಗೆಯುವಾಗ ಗೋಡೆಯ ಮೇಲಿನ ಅವರ ಕುಟುಂಬದ ಚಿತ್ರಗಳು ಅದರಲ್ಲಿ ಕಾಣದಂತೆ ನೋಡಿಕೊಳ್ಳಿ.

ಭೇಟಿಗಳು ತಿಂಗಳುಗಟ್ಟಲೆ ಎಳೆದರೆ ಬಾಡಿಗೆಯಲ್ಲಿ ಸ್ವಲ್ಪ ಬಿಡುವುದು ನ್ಯಾಯ. ಅಚ್ಚುಕಟ್ಟಾಗಿ ಇಟ್ಟುಕೊಂಡ ಮನೆಗೆ ಬೆಲೆ ಹೆಚ್ಚು ಬಂದರೆ ಲಾಭ ನಿಮಗೇ ತಾನೇ?